ಹಳೆಯ ಗೆಳತಿಯ ಮದುವೆಗೆ ಮೂರು ಸಾಲು

ಒಂದು ಕಾಲದಲ್ಲಿ ಪ್ರೀತಿಸಿದವರ ಮದುವೆಯ ಸುದ್ದಿಯನ್ನು ಈಗ ಯಾರೂ ಬಂದು ಹೇಳಬೇಕಾಗಿಲ್ಲ. ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಲಗ್ನಪತ್ರಿಕೆಯ ಪಿಡಿಎಫ್ ಬಂದು ಬೀಳುತ್ತದೆ. ಅದರ ಕೆಳಗೆ ಕಂಗ್ರಾಟ್ಸ್, ಹೂಗುಚ್ಛ, ಪಟಾಕಿಗಳ ಸಾಲು. ಆ ಗ್ರೂಪಿನಲ್ಲಿ ಒಬ್ಬರಿಗೆ ಮಾತ್ರ ಏನು ಬರೆಯಬೇಕೋ ತಿಳಿಯುವುದಿಲ್ಲ. ಬರೆದರೂ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ. ನನ್ನನ್ನು ಕೇಳಿದರೆ, ಸುದ್ದಿ ಗ್ರೂಪಿನಲ್ಲಿ ಬಂದಿದ್ದರೆ ಅಲ್ಲೇ, ಹತ್ತರ ಜೊತೆ ಹನ್ನೊಂದನೆಯವರಾಗಿ ‘ಇಬ್ಬರಿಗೂ ಶುಭಾಶಯ’ ಎಂದು ಬರೆದು ಸುಮ್ಮನಾಗುವುದೇ ಎಲ್ಲಕ್ಕಿಂತ ಸುಲಭದ ದಾರಿ. ಆದರೆ ಅವರೇ ಬೇರೆಯಾಗಿ ಪತ್ರಿಕೆ ಕಳಿಸಿದಾಗ ಅಷ್ಟು ಸುಲಭವಿಲ್ಲ. ಕಳಿಸಿದವರಿಗೆ ಒಂದು ಉತ್ತರ ಸಲ್ಲಬೇಕು. ಆ ಉತ್ತರ ಹೇಗಿರಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ನನಗೆ ಪರಿಚಯದ ಹುಡುಗನೊಬ್ಬನಿಗೆ ಹಾಗೇ ಆಯಿತು. ಹಾಸನದ ಕಡೆಯವನು, ಮೈಸೂರಿನಲ್ಲಿ ಓದಿದವನು, ಈಗ ಬೆಂಗಳೂರಿನಲ್ಲಿ ಕೆಲಸ. ಅದೇ ಕಾಲೇಜಿನ ಹುಡುಗಿಯೊಂದಿಗೆ ಕೆಲವು ವರ್ಷ ಪ್ರೀತಿಯಿತ್ತು, ಮನೆಯವರ ಒಪ್ಪಿಗೆಯ ವಿಷಯದಲ್ಲಿ ಮುರಿದುಬಿತ್ತು. ಆಮೇಲೆ ಮಾತಿಲ್ಲ, ಜಗಳವೂ ಇಲ್ಲ. ಒಂದು ದಿನ ಅವಳಿಂದಲೇ ಪತ್ರಿಕೆ ಬಂತು. ಜೊತೆಗೆ ಒಂದು ಸಾಲು: ‘ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಕಳಿಸ್ದೆ.’ ಮದುವೆ ಶಿವಮೊಗ್ಗದಲ್ಲಿ. ಬಾ ಎಂದೂ ಬರೆದಿರಲಿಲ್ಲ, ಬರಬೇಡ ಎಂದೂ ಇರಲಿಲ್ಲ. ಅವನು ಆ ರಾತ್ರಿಯೇ ಕೂತು ಒಂದು ಉತ್ತರ ಬರೆದ. ಕಳಿಸುವ ಮೊದಲು ಯಾರಿಗಾದರೂ ತೋರಿಸಬೇಕೆನಿಸಿದ್ದು ಅವನ ಪುಣ್ಯ. ಅದು ಹೀಗಿತ್ತು:

‘ಕಾರ್ಡ್ ನೋಡ್ದೆ. ಕೊನೆಗೂ ನಿನಗೆ ತಕ್ಕವನು ಸಿಕ್ಕಿದ, ತುಂಬಾ ಖುಷಿ. ನಾನು ಕೊಡೋಕಾಗದೇ ಇದ್ದಿದ್ದನ್ನ ಅವರು ಕೊಡ್ಲಿ. ಹಳೇದನ್ನೆಲ್ಲ ಮರೆತುಬಿಡು, ನಾನೂ ಮರೆತಿದೀನಿ. ಕುಕ್ಕರಹಳ್ಳಿ ಕೆರೆ ಕಡೆ ಹೋದಾಗ ಮಾತ್ರ... ಇರ್ಲಿ ಬಿಡು. ನೀನು ಖುಷಿಯಾಗಿದ್ರೆ ನಂಗಷ್ಟೇ ಸಾಕು. ಯಾವಾಗಾದ್ರೂ ಮಾತಾಡ್ಬೇಕು ಅನ್ಸಿದ್ರೆ ಫೋನ್ ಮಾಡು.’

ಮೊದಲ ಓದಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ದೊಡ್ಡ ಮನಸ್ಸಿನ ಮಾತು ಎನ್ನಿಸುತ್ತದೆ. ಆದರೆ ಓದುವವಳ ಜಾಗದಲ್ಲಿ ಕೂತು ಒಂದೊಂದೇ ಸಾಲು ನೋಡಿ. ‘ಕೊನೆಗೂ’ ಎಂಬ ಮಾತಿನಲ್ಲಿ ಇಷ್ಟು ದಿನ ಸಿಕ್ಕಿರಲಿಲ್ಲವಲ್ಲ ಎಂಬ ಕೊಂಕಿದೆ, ಬರೆದವನಿಗೆ ಹಾಗಿಲ್ಲದಿದ್ದರೂ. ‘ನಾನು ಕೊಡೋಕಾಗದೇ ಇದ್ದಿದ್ದು’ ಎಂದ ಕೂಡಲೇ ಅವಳು ಹಾಗೇನಿಲ್ಲ ಎಂದು ಸಮಾಧಾನ ಹೇಳಬೇಕಾಗುತ್ತದೆ. ಮದುವೆ ಸೀರೆಗೆ ಫಾಲ್ ಹೊಲಿಸುವ ಗಡಿಬಿಡಿಯಲ್ಲಿರುವವಳ ಕೈಗೆ ಹಳೆಯ ಗೆಳೆಯನನ್ನು ಸಂತೈಸುವ ಕೆಲಸವೊಂದು ಬಂತು. ‘ನೀನು ಖುಷಿಯಾಗಿದ್ರೆ ಸಾಕು’ ಎನ್ನುವುದು ಸಿನಿಮಾದಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಆದರೆ ಮೊಬೈಲಿನಲ್ಲಿ ಓದಿದರೆ ನಾನು ಖುಷಿಯಾಗಿಲ್ಲ ಎಂದೇ ಕೇಳುತ್ತದೆ. ಕೆರೆಯ ಹೆಸರು, ಅದರ ಮುಂದಿನ ಮೂರು ಚುಕ್ಕಿ, ‘ಇರ್ಲಿ ಬಿಡು’, ಇವು ಮೂರೂ ಸೇರಿ ಬಾಗಿಲನ್ನು ಅರ್ಧ ತೆರೆದು ನಿಂತಿವೆ. ಕೊನೆಯ ಸಾಲು ಅದನ್ನು ಪೂರ್ತಿ ತೆರೆಯಿತು.

ಇಷ್ಟೆಲ್ಲದರ ನಡುವೆ ತೀರಾ ಸಾಧುವಾಗಿ ಕಾಣುವ ಸಾಲೇ ಹೆಚ್ಚು ಕೆಡುಕಿನದು: ‘ಹಳೇದನ್ನೆಲ್ಲ ಮರೆತುಬಿಡು.’ 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಅಮೆರಿಕದ ಟೆಕ್ಸಾಸಿನಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗವಿದೆ. ಐದು ನಿಮಿಷ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ, ಆದರೆ ಬಿಳಿ ಕರಡಿಯ ಬಗ್ಗೆ ಮಾತ್ರ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ಯೋಚಿಸಬಹುದು ಎಂದು ಬಿಟ್ಟಾಗ, ಮೊದಲಿನಿಂದಲೇ ಅನುಮತಿ ಪಡೆದಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು. ಮರೆತುಬಿಡು ಎಂದು ಬರೆದರೂ ಆಗುವುದು ಅದೇ. ಯಾವುದನ್ನು ಮರೆಯಬೇಕು ಎಂದು ಅವಳು ಮೊದಲು ನೆನಪಿಸಿಕೊಳ್ಳಬೇಕು. ‘ನನಗೆ ಯಾವ ಬೇಸರವೂ ಇಲ್ಲ’, ‘ಹಳೆಯ ವಿಷಯ ಎತ್ತುತ್ತಿಲ್ಲ’, ‘ತಪ್ಪು ತಿಳಿಯಬೇಡ’ ಇವೆಲ್ಲ ಅದೇ ಜಾತಿಯ ಮಾತುಗಳು. ಹಳೆಯದನ್ನು ಎತ್ತಬಾರದು ಎಂದಿದ್ದರೆ, ಎತ್ತುತ್ತಿಲ್ಲ ಎಂದೂ ಬರೆಯಬಾರದು.

ಹಾಗಾದರೆ ಆ ರಾತ್ರಿ ಅವನೊಳಗೆ ಉಕ್ಕಿದ್ದನ್ನೆಲ್ಲ ಏನು ಮಾಡುವುದು? ಬರೆಯಬೇಕು, ಆದರೆ ಬೇರೆ ಕಡೆ. ಅದೇ ಟೆಕ್ಸಾಸಿನಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಬರೆದರು. ಘಟನೆಯ ಜೊತೆ ಮನಸ್ಸಿನ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಈ ಪ್ರಯೋಗದ ಇನ್ನೊಂದು ಫಲಿತಾಂಶ ನಮಗಿಲ್ಲಿ ಮುಖ್ಯ. ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಹಗುರವಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ಆದ್ದರಿಂದ ಒಳಗಿರುವುದನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ, ಆದರೆ ಅದೇ ರಾತ್ರಿ ಶುಭಾಶಯ ಬರೆಯಬೇಡಿ. ಬರೆಯುವುದು ಹಾಳೆಯಲ್ಲಿರಲಿ, ಮೊಬೈಲಿನಲ್ಲಿ ಬೇಡ. ಹಾಳೆಗೆ ಕಳಿಸುವ ಗುಂಡಿ ಇರುವುದಿಲ್ಲ.

ಎರಡು ದಿನ ಬಿಟ್ಟು ಹುಡುಗ ಇನ್ನೊಂದು ಬರೆದು ತಂದ. ಈ ಸಲ ಪೂರ್ತಿ ತಣ್ಣಗಿತ್ತು: ‘ನಿಮ್ಮ ಮದುವೆಯ ಆಮಂತ್ರಣ ತಲುಪಿತು. ತಮಗೆ ಶುಭವಾಗಲಿ.’ ಬ್ಯಾಂಕಿನಿಂದ ಬಂದ ಪತ್ರದ ಹಾಗೆ. ವರ್ಷಗಟ್ಟಲೆ ನೀನು, ಕಣೇ ಎಂದವನು ಏಕಾಏಕಿ ನೀವು, ತಾವು ಎಂದರೆ ಅದು ಮರ್ಯಾದೆಯಲ್ಲ, ಮುನಿಸು. ನಮ್ಮಲ್ಲಿ ಗಂಡಹೆಂಡಿರೇ ಜಗಳವಾಡಿದಾಗ ಬಹುವಚನಕ್ಕೆ ಏರುತ್ತಾರಲ್ಲ! ಹಾಗೆಂದು ನೀನು ಎಂದೇ ಬರೆದರೆ, ಅದನ್ನು ಗಂಡನೋ ಅತ್ತೆಯೋ ನೋಡಿದಾಗ ಆ ಸಲುಗೆ ಎದ್ದು ಕಾಣುತ್ತದೆ. ಮಾತಿನಲ್ಲಿ ನೀನು ಎನ್ನುವುದಕ್ಕೂ ಬರಹದಲ್ಲಿ ಉಳಿಯುವುದಕ್ಕೂ ವ್ಯತ್ಯಾಸವಿದೆ.

ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಉಪಾಯವಿದೆ. ಇಬ್ಬರಿಗೂ ಸೇರಿಸಿ ಬರೆಯುವುದು. ‘ನಿಮ್ಮಿಬ್ಬರಿಗೂ’ ಎಂದರೆ ಬಹುವಚನ ತಾನಾಗಿ ಬರುತ್ತದೆ. ಅದು ಮುನಿಸೂ ಅಲ್ಲ, ಸಲುಗೆಯೂ ಅಲ್ಲ. ಮೊದಲ ವಾಕ್ಯದಲ್ಲಿ ನಿನ್ನ, ನಿಮ್ಮ ಎರಡನ್ನೂ ಬಿಟ್ಟು ಬರೀ ‘ಮದುವೆಯ ಸುದ್ದಿ’ ಎಂದರೆ ಸಾಕು. ಯಾರ ಮದುವೆ ಎಂದು ಯಾರೂ ಕೇಳುವುದಿಲ್ಲ. ಹೆಸರು ಹಾಕಲೇಬೇಕು ಅನಿಸಿದರೆ ಲಗ್ನಪತ್ರಿಕೆಯಲ್ಲಿರುವ ಹೆಸರನ್ನು ಹಾಕಿ. ನೀವೊಬ್ಬರೇ ಕರೆಯುತ್ತಿದ್ದ ಮುದ್ದಿನ ಹೆಸರನ್ನಂತೂ ಖಂಡಿತ ಬೇಡ. ಮದುಮಗನ ಹೆಸರು ಹಾಕಬಹುದು, ಹಾಕದಿದ್ದರೂ ನಡೆಯುತ್ತದೆ. ಆದರೆ ಅವನನ್ನು ಹೊಗಳಲು ಹೋಗಬೇಡಿ. ಗೊತ್ತಿಲ್ಲದವನ ಬಗ್ಗೆ ‘ತುಂಬಾ ಒಳ್ಳೆಯವರಂತೆ’ ಎಂದರೆ ಎಲ್ಲೋ ವಿಚಾರಿಸಿದ್ದಾನೆ ಎಂದಾಗುತ್ತದೆ.

ಇಂಥ ಬರಹಕ್ಕೆ ಮಾದರಿ ಬೇಕಿದ್ದರೆ ಹಳೆಯ ಶುಭಾಶಯದ ತಂತಿಯನ್ನು ನೆನಪಿಸಿಕೊಳ್ಳಬಹುದು. ನಮ್ಮ ತಂತಿ ಕಚೇರಿಗಳಲ್ಲಿ ಶುಭಾಶಯಗಳ ಒಂದು ಪಟ್ಟಿ ಇರುತ್ತಿತ್ತು. ಹಬ್ಬಕ್ಕೆ ಒಂದು, ಮಗು ಹುಟ್ಟಿದ್ದಕ್ಕೆ ಒಂದು, ಮದುವೆಗೆ ಒಂದು ಎಂದು ಸಿದ್ಧ ವಾಕ್ಯಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಫಾರಂನಲ್ಲಿ ಸಂಖ್ಯೆ ಬರೆದುಕೊಟ್ಟರೆ ಆ ಕಡೆ ವಾಕ್ಯವಾಗಿ ತಲುಪುತ್ತಿತ್ತು. 2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ತಂತಿ ಸೇವೆಯನ್ನೇ ನಿಲ್ಲಿಸಿತು. ಆ ವಾಕ್ಯಗಳಲ್ಲಿ ಬರೆದವರ ಮನಸ್ಸಿನದು ಏನೂ ಇರುತ್ತಿರಲಿಲ್ಲ. ಅದನ್ನು ಮಾವನೂ ಕಳಿಸಬಹುದಿತ್ತು, ಆಫೀಸಿನ ಮೇಲಧಿಕಾರಿಯೂ, ಬೇರೆಯಾದ ಗೆಳೆಯನೂ. ಯಾರು ಬಿಡಿಸಿ ಓದಿದರೂ ಏನೂ ಕೆಡುತ್ತಿರಲಿಲ್ಲ. ಉಳಿದ ಬರವಣಿಗೆಯಲ್ಲಿ ಸವಕಲು ಮಾತು ದೋಷ, ನಾನೂ ಹಾಗೇ ಹೇಳುತ್ತಾ ಬಂದವನು. ಇಲ್ಲಿ ಮಾತ್ರ ಸವಕಲು ಮಾತೇ ಬೇಕು. ಹೊಸದೊಂದು ಮಾತು ಹುಡುಕಿದಿರೆಂದರೆ ಅವರಿಗಾಗಿ ಹುಡುಕಿದಿರಿ ಎಂದೇ ಅರ್ಥ.

ಹುಡುಗ ಕೊನೆಗೆ ಕಳಿಸಿದ್ದು ಇದು:

‘ಮದುವೆಯ ಸುದ್ದಿ ತಿಳಿದು ಸಂತೋಷವಾಯಿತು. ನಿಮ್ಮಿಬ್ಬರಿಗೂ ಶುಭಾಶಯಗಳು. ಚೆನ್ನಾಗಿರಿ.’

ಇದರಲ್ಲಿ ಪ್ರಶ್ನೆಯಿಲ್ಲ. ಪ್ರಶ್ನೆ ಇದ್ದರೆ ಉತ್ತರ ಬರಬೇಕು, ಉತ್ತರ ಬಂದರೆ ಮಾತು ಬೆಳೆಯುತ್ತದೆ. ‘ನಾನು’ ಎಂಬ ಪದವೂ ಇಲ್ಲ, ಸಂತೋಷವಾದದ್ದು ಯಾರಿಗೆ ಎಂದು ತಾನೇ ತಿಳಿಯುತ್ತದೆ. ನೆನಪು, ಯಾವಾಗಲೂ, ಇನ್ನೂ, ಆದರೂ, ಇಂಥ ಹಿಂದಕ್ಕೆ ಎಳೆಯುವ ಪದ ಒಂದೂ ಇಲ್ಲ. ‘ಚೆನ್ನಾಗಿರಿ’ ಕೂಡ ಇಬ್ಬರಿಗೂ ಸೇರಿದ್ದು. ಕುತೂಹಲಕ್ಕೆ ಎಣಿಸಿದೆ: ಮಾಮೂಲಿ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕೆ ಸಿಗುವುದು 70 ಮಾತ್ರ. ಕೊಂಬು, ಗುಡಿಸು, ಒತ್ತು, ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ಮೂರು ವಾಕ್ಯ ಸರಿಯಾಗಿ 70ಕ್ಕೆ ನಿಲ್ಲುತ್ತವೆ. ಹೆಚ್ಚಿಗೆ ಬರೆಯಲು ಕೈ ಹೋದಾಗ ಆ ಮಿತಿಯನ್ನೇ ನೆಪ ಮಾಡಿಕೊಳ್ಳಬಹುದು.

ಬರೆದದ್ದು ಸರಿಯಾದರೂ ಅದು ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನು ಬಹಳ ಜನ ನೋಡುವುದಿಲ್ಲ. ವಾಟ್ಸಾಪಿನಲ್ಲಿ ಹಳೆಯ ಮಾತುಕತೆ ಅಳಿಸದೇ ಉಳಿದಿದ್ದರೆ, ಹೊಸ ಶುಭಾಶಯ ಅದರ ಬುಡಕ್ಕೇ ಅಂಟಿಕೊಳ್ಳುತ್ತದೆ. ಅವಳು ತೆರೆದಾಗ ಸ್ವಲ್ಪ ಮೇಲೆ ಕೊನೆಯ ದಿನದ ಜಗಳವೋ ಅಳುವೋ ಇರುತ್ತದೆ. ನಿಮ್ಮ ಮೂರು ಸಾಲು ಎಷ್ಟೇ ತಣ್ಣಗಿದ್ದರೂ ಅದನ್ನು ಓದುವುದು ಆ ಬಿಸಿಯ ಕೆಳಗೆ. ಅವಳೇ ಅಲ್ಲಿ ಪತ್ರಿಕೆ ಕಳಿಸಿದ್ದರೆ ಅಡ್ಡಿಯಿಲ್ಲ, ಆ ಪತ್ರಿಕೆಯೇ ನಡುವೆ ಗೋಡೆಯಾಗಿ ನಿಂತಿರುತ್ತದೆ. ಇಲ್ಲವಾದರೆ ಎಸ್‌ಎಂಎಸ್ ಅಥವಾ ಇಮೇಲ್ ವಾಸಿ. ಮೇಲೆ ಏನೂ ಇಲ್ಲದ ಹೊಸ ಹಾಳೆ ಸಿಗುತ್ತದೆ.

ಕಳಿಸಿ ಅಳಿಸುವ ಆಟವಂತೂ ಕೂಡದು. ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಸೌಲಭ್ಯ 2017ರಿಂದ ಇದೆ, ಆದರೆ ಅಳಿಸಿದ ಜಾಗದಲ್ಲಿ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ. ಹಳೆಯ ಗೆಳೆಯ ಏನೋ ಬರೆದು ಅಳಿಸಿದ್ದಾನೆ ಎಂಬುದು, ಬರೆದದ್ದು ಏನೇ ಇರಲಿ, ಅದಕ್ಕಿಂತ ಹೆಚ್ಚು ಕಾಡುತ್ತದೆ. 2023ರಿಂದ ಹದಿನೈದು ನಿಮಿಷದೊಳಗೆ ತಿದ್ದಬಹುದು, ತಿದ್ದಿದ್ದಕ್ಕೂ ಗುರುತು ಬೀಳುತ್ತದೆ. ಎಷ್ಟು ಸಲ ತಿದ್ದಿ ಬರೆದಿರಿ ಎಂಬುದು ಅವರಿಗೆ ತಿಳಿಯಬೇಕಾಗಿಲ್ಲ. ಕಳಿಸಿದ ಮೇಲೆ ಸ್ಟೇಟಸ್‌ಗೆ ವಿರಹಗೀತೆ ಹಾಕುವವರಿದ್ದಾರೆ. ಮೂರು ಸಾಲಿನಲ್ಲಿ ಮುಚ್ಚಿದ್ದನ್ನು ಮೂವತ್ತು ಸೆಕೆಂಡಿನಲ್ಲಿ ಬಿಚ್ಚಿಟ್ಟ ಹಾಗೆ.

ಇನ್ನು ಯಾವಾಗ ಕಳಿಸುವುದು ಎಂಬುದು. ಮದುವೆಯ ಮನೆಯಲ್ಲಿ ಮದುಮಗಳ ಮೊಬೈಲು ಮದುಮಗಳ ಕೈಯಲ್ಲಿರುವುದಿಲ್ಲ. ಅರಿಶಿನ ಶಾಸ್ತ್ರದಿಂದ ಹಿಡಿದು ಬೀಗರೂಟ ಮುಗಿಯುವವರೆಗೆ ಅದು ತಂಗಿಯದೋ ಚಿಕ್ಕಪ್ಪನ ಮಗಳದೋ ಕೈಯಲ್ಲಿ. ಫೋಟೋಗ್ರಾಫರ್ ಎಲ್ಲಿದ್ದಾನೆ, ಮೇಕಪ್‌ನವಳು ಬಂದಳಾ ಎಂದು ಕರೆ ಮಾಡುತ್ತಾ ಇರುತ್ತಾರೆ. ಮೇಲೆ ಬಂದು ಬೀಳುವ ಸಂದೇಶದ ಮೊದಲ ಸಾಲನ್ನು ಪಕ್ಕದಲ್ಲಿ ನಿಂತ ಸೋದರತ್ತೆಯೂ ಓದುತ್ತಾಳೆ. ಹಳೇ ಮೈಸೂರಿನ ಕಡೆ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ಇರುವುದು ಸಾಮಾನ್ಯ. ಹಾಗಾಗಿ ಪತ್ರಿಕೆಯಲ್ಲಿ ಬರೆದ ಮುಹೂರ್ತದ ದಿನವನ್ನಷ್ಟೇ ನೋಡಿ ಲೆಕ್ಕ ಹಾಕಿದರೂ ತಪ್ಪುತ್ತದೆ. ಪತ್ರಿಕೆ ಕೈಸೇರಿದ ಎರಡು ಮೂರು ದಿನದೊಳಗೆ, ಮದುವೆಗೆ ಇನ್ನೂ ಸಮಯವಿರುವಾಗ, ಹಗಲು ಹೊತ್ತಿನಲ್ಲಿ ಕಳಿಸಿದರೆ ಒಳ್ಳೆಯದು. ಬೆಳಗ್ಗೆ ಹನ್ನೊಂದಕ್ಕೆ ಬಂದ ಶುಭಾಶಯ ಶುಭಾಶಯವಾಗಿಯೇ ಇರುತ್ತದೆ. ರಾತ್ರಿ ಹನ್ನೊಂದೂವರೆಗೆ ಅದೇ ಮಾತು ಬಂದರೆ ಬೇರೆ ಅರ್ಥ ಹುಟ್ಟುತ್ತದೆ. ತಡವಾಗಿ ಗೊತ್ತಾಗಿದ್ದರೆ ಮದುವೆ ಮುಗಿದು ಒಂದೆರಡು ವಾರ ಕಳೆಯಲಿ. ಒಬ್ಬರು ಜಾಣತನ ಮಾಡಿ, ಆಷಾಢಕ್ಕೆ ಅವಳು ತವರಿಗೆ ಬಂದಿರುತ್ತಾಳೆ, ಗಂಡ ಪಕ್ಕದಲ್ಲಿರುವುದಿಲ್ಲ, ಆಗ ಕಳಿಸುತ್ತೇನೆ ಎಂದಿದ್ದರು. ಗಂಡ ನೋಡಬಾರದು ಎನ್ನುವ ಯೋಚನೆ ಬಂದ ಮೇಲೆ ಅದು ಮದುವೆಯ ಶುಭಾಶಯವಲ್ಲ.

ಉಡುಗೊರೆಯ ಆಸೆಯನ್ನೂ ಬಿಡುವುದು ಒಳ್ಳೆಯದು. ನಮ್ಮಲ್ಲಿ ಮುಯ್ಯಿಗೆ ಪುಸ್ತಕವಿರುತ್ತದೆ. ಯಾರು, ಯಾವ ಊರು, ಎಷ್ಟು ಎಂದು ಒಬ್ಬರು ಕೂತು ಬರೆಯುತ್ತಾರೆ. ಮದುವೆ ಮುಗಿದ ಮೇಲೆ ಮನೆಯವರೆಲ್ಲ ಕೂತು ಅದನ್ನು ಓದುತ್ತಾರೆ. ‘ಇವರು ಯಾರಮ್ಮ?’ ಎಂಬ ಪ್ರಶ್ನೆಗೆ ಅವಳು ಉತ್ತರ ಹೇಳಬೇಕು. ಫೋನ್‌ಪೇ ಮೂಲಕ 1,001 ರೂಪಾಯಿ ಹಾಕಿದರೂ ಹೆಸರು ಬಂದೇ ಬರುತ್ತದೆ.

ಕಳಿಸಲೇಬಾರದ ಸಂದರ್ಭಗಳನ್ನು ಹೇಳದಿದ್ದರೆ ಈ ಬರಹ ಅರ್ಧವಾದೀತು. ಅವರು ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದರೆ, ಸಂಪರ್ಕ ಬೇಡ ಎಂದು ಹಿಂದೆಯೇ ಹೇಳಿದ್ದರೆ, ಇನ್ನೊಂದು ನಂಬರಿನಿಂದಲೋ ಗೆಳತಿಯ ಮೂಲಕವೋ ಶುಭಾಶಯ ಮುಟ್ಟಿಸುವ ಪ್ರಯತ್ನವೇ ತಪ್ಪು. ಹೆಣ್ಣೊಬ್ಬಳು ಬೇಡ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಒಳ್ಳೆಯ ಮಾತು ಬರೆದಿದ್ದೆ ಎನ್ನುವುದು ಅಲ್ಲಿ ಸಮರ್ಥನೆಯಾಗುವುದಿಲ್ಲ. ಇನ್ನೊಂದು, ಇದಕ್ಕಿಂತ ಹೆಚ್ಚು ಕಡೆ ಎದುರಾಗುವ ಸಂದರ್ಭ: ಹಳೆಯ ಸಂಬಂಧ ಅವಳ ಮನೆಯವರಿಗೆ ಅಥವಾ ಗಂಡನ ಕಡೆಯವರಿಗೆ ತಿಳಿಯದೇ ಇರುವುದು. ಜಾತಿಯ ಕಾರಣಕ್ಕೆ, ಹೆದರಿಕೆಯಿಂದ ಮುರಿದ ಪ್ರೀತಿಗಳಲ್ಲಿ ಇದು ಬಹಳ. ಗಂಡಸಿನ ಹಳೆಯ ಪ್ರೀತಿಯನ್ನು ಹುಡುಗಾಟ ಎಂದು ನಕ್ಕು ಬಿಡುವ ಮನೆಯೇ, ಹೆಂಗಸಿನದನ್ನು ವರ್ಷಗಟ್ಟಲೆ ಎತ್ತಿ ಆಡುತ್ತದೆ. ಎಂಥ ಮುಗ್ಧ ಶುಭಾಶಯವೂ ಅಲ್ಲಿ ಸಾಕ್ಷಿಯಾಗಿಬಿಡುತ್ತದೆ. ಅವಳಿಂದಲೇ ಸುದ್ದಿ ಬಂದಿಲ್ಲವಾದರೆ, ಮನೆಯ ಪರಿಸ್ಥಿತಿ ಗೊತ್ತಿಲ್ಲವಾದರೆ, ಸುಮ್ಮನಿರುವುದೇ ಸರಿ. ಅವಳಿಗೆ ಅದು ಕೊರತೆಯಾಗಿ ಕಾಣುವುದಿಲ್ಲ.

ವಿಚ್ಛೇದನ ಪಡೆದವರ ಲೆಕ್ಕ ಸ್ವಲ್ಪ ಬೇರೆ, ಮಗು ಇದ್ದರಂತೂ ತೀರಾ ಬೇರೆ. ಅಲ್ಲಿ ಮಾತು ಹೇಗೂ ನಿಂತಿರುವುದಿಲ್ಲ. ಶನಿವಾರ ಯಾರು ಕರೆದುಕೊಂಡು ಹೋಗಬೇಕು, ಶಾಲೆಯ ಫೀಸು ಯಾರು ಕಟ್ಟಬೇಕು ಎಂದು ಬರೆಯುತ್ತಲೇ ಇರುತ್ತಾರೆ. ಸಲುಗೆಯ ಅಳತೆಯೂ ಅಲ್ಲಿ ಆಗಲೇ ಗೊತ್ತಾಗಿರುತ್ತದೆ, ನೀನು ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಶುಭಾಶಯದ ಸಂದೇಶಕ್ಕೆ ಈ ವ್ಯವಹಾರವನ್ನು ಬೆರೆಸದಿದ್ದರೆ ಆಯಿತು. ‘ಶುಭಾಶಯ. ಅಂದ ಹಾಗೆ ಮದುವೆಯ ವಾರ ಪಾಪು ನನ್ನ ಹತ್ತಿರವೇ ಇರಲಿ’ ಎಂದರೆ ಮೊದಲ ಪದ ಬರೀ ಪೀಠಿಕೆಯಾಗುತ್ತದೆ. ಎರಡನ್ನೂ ಬೇರೆ ಬೇರೆ ದಿನ ಬರೆಯಬೇಕು. ‘ಮಗೂನ ಅವರು ಚೆನ್ನಾಗಿ ನೋಡಿಕೊಳ್ಳಲಿ’ ಎಂಬುದನ್ನು ಶುಭಾಶಯದಲ್ಲಿ ಸೇರಿಸಿದರೆ ಅದು ಎಚ್ಚರಿಕೆಯಾಗಿ ಓದಿಸಿಕೊಳ್ಳುತ್ತದೆ.

ನಮ್ಮ ಹುಡುಗನ ಮೂರು ಸಾಲಿಗೆ ಅವಳ ಉತ್ತರ ಮಾರನೆಯ ದಿನ ಬಂತು: ‘ಥ್ಯಾಂಕ್ಸ್ ಕಣೋ. ನೀನು ಹೇಗಿದೀಯ?’ ಅವನು ಮತ್ತೆ ಗಾಬರಿಯಾಗಿ ಫೋನ್ ಮಾಡಿದ. ಇದು ಸೌಜನ್ಯದ ಪ್ರಶ್ನೆ, ಉತ್ತರಿಸದಿದ್ದರೆ ಒರಟಾಗುತ್ತದೆ. ಆದರೆ ಉತ್ತರ ಪ್ರಶ್ನೆಯಷ್ಟೇ ಉದ್ದವಿರಬೇಕು, ತಿರುಗಿ ಪ್ರಶ್ನೆ ಕೇಳಬಾರದು. ಪ್ರಮೋಷನ್ ಸಿಕ್ಕಿದ್ದು ಹೇಳಿದರೆ ಜಂಬ, ಅಮ್ಮನಿಗೆ ಹುಷಾರಿಲ್ಲದ್ದು ಹೇಳಿದರೆ ಮರುಕದ ಬೇಡಿಕೆ, ಹುಡುಗಿ ನೋಡ್ತಿದಾರೆ ಎಂದರೆ ಅದಕ್ಕೆ ಇನ್ನೂ ಏನೇನೋ ಅರ್ಥ. ‘ಚೆನ್ನಾಗಿದೀನಿ, ಥ್ಯಾಂಕ್ಸ್. ಮದುವೆ ಕೆಲಸ ಸುಸೂತ್ರವಾಗಿ ಆಗ್ಲಿ’ ಎಂದು ಬರೆದ. ಅದಕ್ಕೆ ಅವಳು ಕೈಮುಗಿಯುವ ಚಿತ್ರ ಹಾಕಿದಳು. ಅದಕ್ಕೇನು ಹಾಕಲಿ ಎಂದು ಮತ್ತೆ ಕೇಳಿದ. ಏನೂ ಹಾಕಬೇಡ ಎಂದೆ. ಕೈಮುಗಿದ ಮೇಲೆ ಮಾತು ಮುಗಿಯಿತು ಎಂದರ್ಥ, ಅದಕ್ಕೂ ಕೈಮುಗಿದರೆ ಅವಳು ಇನ್ನೊಮ್ಮೆ ಮುಗಿಯಬೇಕಾಗುತ್ತದೆ. ಮದುವೆಗೆ ಹೋಗಲಾ ಎಂದು ಕೂಡ ಕೇಳಿದ. ಪತ್ರಿಕೆ ಕಳಿಸಿದ್ದಾಳೆ, ಬಾ ಅಂದಿಲ್ಲ ಎಂಬುದನ್ನು ಅವನಿಗೆ ನೆನಪಿಸಿದೆ. ಆ ವಾರ ಊರಿನಲ್ಲಿ ಜಾತ್ರೆಯಿದೆ ಎಂದು ಹಾಸನಕ್ಕೆ ಹೋದ.